ಕೂಂಬ್ಸ್ ಪಾಸಿಟಿವ್ ಎಂಬುದು ಅರ್ಧ ಉತ್ತರ: ರಕ್ತಕಣ ಸಾಯುವುದು ಗುಲ್ಮದಲ್ಲೋ, ಯಕೃತ್ತಿನಲ್ಲೋ?

ಪ್ರಶ್ನೆ: ನನ್ನ ತಾಯಿಗೆ 67 ವರ್ಷ, ಮಡಿಕೇರಿಯಲ್ಲಿದ್ದಾರೆ. ಡಿಸೆಂಬರಿನಿಂದ ವಿಪರೀತ ಸುಸ್ತು, ಕಣ್ಣು ಹಳದಿ, ಬೆಳಿಗ್ಗೆ ಬೆರಳ ತುದಿಗಳು ನೀಲಿಯಾಗುತ್ತವೆ. ಹಿಮೋಗ್ಲೋಬಿನ್ 7.8. ಕೂಂಬ್ಸ್ ಪರೀಕ್ಷೆ ಪಾಸಿಟಿವ್ ಬಂದಿದ್ದರಿಂದ ಸ್ಟೆರಾಯ್ಡ್ ಕೊಟ್ಟರು. ಆರು ವಾರವಾದರೂ ಏನೂ ಏರಲಿಲ್ಲ. ಈಗ ಇನ್ನೊಬ್ಬ ವೈದ್ಯರು, ಇದು ತಣ್ಣನೆಯ ಬಗೆ, ಸ್ಟೆರಾಯ್ಡ್ ಕೆಲಸ ಮಾಡುವುದಿಲ್ಲ, ಗುಲ್ಮ ತೆಗೆಸಿದರೂ ಪ್ರಯೋಜನವಿಲ್ಲ ಎನ್ನುತ್ತಿದ್ದಾರೆ. ಪಕ್ಕದ ಮನೆಯ ಹುಡುಗಿಗೂ ಇದೇ ಕಾಯಿಲೆ, ಇದೇ ಕೂಂಬ್ಸ್ ಪಾಸಿಟಿವ್. ಅವಳು ಅದೇ ಮಾತ್ರೆಯಲ್ಲಿ ಮೂರು ವಾರಕ್ಕೆ ಚೇತರಿಸಿಕೊಂಡಳು. ಎರಡರಲ್ಲೂ ದೇಹವೇ ತನ್ನ ರಕ್ತಕಣವನ್ನು ನಾಶ ಮಾಡುತ್ತದೆ ಎಂದಾದರೆ ಔಷಧ ಬೇರೆ ಏಕೆ? ವರದಿಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನೀವು ಕಳಿಸಿದ ಕಾಗದಗಳಲ್ಲಿ ಕೂಂಬ್ಸ್ ವರದಿಯನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಿ. ದಪ್ಪಕ್ಷರದಲ್ಲಿ ‘ಪಾಸಿಟಿವ್’ ಎಂದಿರುವ ಸಾಲಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಇನ್ನೆರಡು ಸಾಲುಗಳಿವೆ: ಐಜಿಜಿ ನೆಗೆಟಿವ್, ಸಿ3ಡಿ ಪಾಸಿಟಿವ್. ಕೂಂಬ್ಸ್ ಪರೀಕ್ಷೆ ಹುಡುಕುವುದು ರಕ್ತಕಣದ ಮೈಗೆ ಏನು ಅಂಟಿದೆ ಎಂಬುದನ್ನು. ಐಜಿಜಿ ಒಂದು ಬಗೆಯ ಪ್ರತಿಕಾಯ, ಸಿ3ಡಿ ರಕ್ತದಲ್ಲಿನ ಇನ್ನೊಂದು ಪ್ರೋಟೀನಿನ ತುಣುಕು. ಪಕ್ಕದ ಮನೆಯ ಹುಡುಗಿಯ ವರದಿಯನ್ನು ನಾನು ನೋಡಿಲ್ಲ. ಆದರೆ ಸ್ಟೆರಾಯ್ಡಿಗೆ ಅಷ್ಟು ಬೇಗ ಬಗ್ಗಿದೆ ಎಂದರೆ ಅಲ್ಲಿ ಐಜಿಜಿ ಸಾಲು ಪಾಸಿಟಿವ್ ಇದ್ದಿರುವ ಸಾಧ್ಯತೆಯೇ ಹೆಚ್ಚು. ದಪ್ಪಕ್ಷರದ ಸಾಲನ್ನು ಎಲ್ಲರೂ ಓದುತ್ತಾರೆ. ಚಿಕಿತ್ಸೆಯನ್ನು ನಿರ್ಧರಿಸುವುದು ಕೆಳಗಿನ ಎರಡು ಸಾಲು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಪ್ರತಿಕಾಯ ಹೋಗಿ ರಕ್ತಕಣವನ್ನು ಕೊಲ್ಲುತ್ತದೆ ಎಂದು ನಾವು ಸುಲಭಕ್ಕೆ ಹೇಳುತ್ತೇವೆ. ಅದು ಕೊಲ್ಲುವುದಿಲ್ಲ, ಗುರುತು ಹಾಕುತ್ತದೆ ಅಷ್ಟೆ. ಆ ಗುರುತನ್ನು ಓದಿ ಕಣವನ್ನು ನುಂಗುವವರು ಬೇರೆ, ಅವರೇ ಭಕ್ಷಕ ಕಣಗಳು. ಇವು ರಕ್ತದಲ್ಲಿ ಅಲೆಯುವುದಿಲ್ಲ. ಗುಲ್ಮದಲ್ಲಿ ಮತ್ತು ಯಕೃತ್ತಿನಲ್ಲಿ ಠಾಣೆ ಹೂಡಿ ಕೂತಿರುತ್ತವೆ. ಹಾಗಾಗಿ 120 ದಿನ ಬದುಕಬೇಕಾದ ಕೆಂಪು ರಕ್ತಕಣ ಎಲ್ಲಿ, ಯಾರ ಕೈಯಲ್ಲಿ ಸಾಯುತ್ತದೆ ಎಂಬುದು ಅದರ ಮೈಮೇಲೆ ಯಾವ ಗುರುತಿದೆ, ಆ ಗುರುತನ್ನು ಯಾವ ಠಾಣೆಯವರು ಓದಬಲ್ಲರು ಎಂಬುದರ ಮೇಲೆ ನಿಂತಿದೆ.

ಹುಡುಗಿಯದು ಬೆಚ್ಚನೆಯ ಬಗೆ ಎಂದಿಟ್ಟುಕೊಳ್ಳಿ. ಅಲ್ಲಿ ಗುರುತು ಹಾಕುವುದು ಐಜಿಜಿ. ಅದು ಕವೆಗೋಲಿನ ಆಕಾರದ ಪುಟ್ಟ ಅಣು. ಕವೆಯ ಎರಡು ಕೊಂಬುಗಳು ರಕ್ತಕಣವನ್ನು ಹಿಡಿಯುತ್ತವೆ, ಹಿಡಿ ಹೊರಗೆ ಚಾಚಿಕೊಂಡಿರುತ್ತದೆ. ಇದು ಚೆನ್ನಾಗಿ ಅಂಟುವುದು 37 ಡಿಗ್ರಿಯಲ್ಲಿ, ಅಂದರೆ ದೇಹದ ಒಳಗಿನ ಶಾಖದಲ್ಲಿ. ಬೆಚ್ಚನೆಯ ಬಗೆ ಎಂಬ ಹೆಸರು ಬಂದದ್ದು ಅದರಿಂದ. ರೋಗಿಗೆ ಜ್ವರವಿದೆ ಎಂದೋ ಬಿಸಿಲು ತಾಗಿತೆಂದೋ ಅಲ್ಲ. ಬಹಳ ಸಲ ಅದು ಹಿಡಿಯುವುದು ಆರ್‌ಎಚ್ ಗುಂಪಿನ ಪ್ರೋಟೀನುಗಳನ್ನು. ಆರ್‌ಎಚ್ ಪಾಸಿಟಿವ್, ನೆಗೆಟಿವ್ ಎನ್ನುತ್ತೇವಲ್ಲ, ಅದೇ ಕುಟುಂಬ.

ಈ ಆರ್‌ಎಚ್ ಪ್ರೋಟೀನುಗಳು ಕಣದ ಮೈಮೇಲೆ ವಿರಳವಾಗಿ, ದೂರದೂರ ಇರುತ್ತವೆ. ಮುಂದಿನ ಕಥೆಗೆ ಈ ದೂರ ಮುಖ್ಯ. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಇನ್ನೊಂದು ಪ್ರೋಟೀನ್ ಪಡೆ ಇದೆ. ಅದನ್ನು ಎಬ್ಬಿಸಬೇಕಾದರೆ ಐಜಿಜಿ ಅಣುಗಳು ಅಕ್ಕಪಕ್ಕದಲ್ಲೇ ನಿಂತಿರಬೇಕು, ಒಂಟಿ ಐಜಿಜಿಯಿಂದ ಆಗದು. ಆರ್‌ಎಚ್ ಜಾಗಗಳಲ್ಲಿ ಅವು ಹಾಗೆ ಒತ್ತಾಗಿ ನಿಲ್ಲುವುದು ಕಷ್ಟ. ಆದ್ದರಿಂದ ಬೆಚ್ಚನೆಯ ಬಗೆಯಲ್ಲಿ ಎಷ್ಟೋ ಸಲ ಕಾಂಪ್ಲಿಮೆಂಟ್ ಏಳುವುದೇ ಇಲ್ಲ. ಕಣದ ಮೈಮೇಲೆ ಉಳಿಯುವ ಗುರುತು ಐಜಿಜಿಯ ಹಿಡಿ ಮಾತ್ರ.

ಆ ಹಿಡಿಯನ್ನು ಹಿಡಿದುಕೊಳ್ಳಬಲ್ಲ ಭಕ್ಷಕ ಕಣಗಳು ಯಕೃತ್ತಿನಲ್ಲೂ ಇವೆ. ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು ಕಾಲು ಭಾಗ ಯಕೃತ್ತಿಗೆ ಹೋಗುತ್ತದೆ, ಗುಲ್ಮಕ್ಕೆ ನೂರಕ್ಕೆ ಐದರಷ್ಟು. ಹಾಗಿದ್ದರೆ ಕಣಗಳೆಲ್ಲ ಯಕೃತ್ತಿನಲ್ಲೇ ಸಾಯಬೇಕಿತ್ತಲ್ಲ? ವಿದ್ಯಾರ್ಥಿಗಳಿಗೆ ನಾನು ಇದನ್ನು ಕೇಳುವುದುಂಟು, ಉತ್ತರ ಬರುವುದು ಅಪರೂಪ. ಉತ್ತರ ಇರುವುದು ರಕ್ತದ ನೀರಿನಂಶದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ. ನಮ್ಮೆಲ್ಲರ ಪ್ಲಾಸ್ಮಾದಲ್ಲಿ ಲೀಟರಿಗೆ ಹತ್ತು ಗ್ರಾಂ ಆಸುಪಾಸು ಐಜಿಜಿ ಯಾರಿಗೂ ಅಂಟದೆ ಸುಮ್ಮನೆ ತೇಲುತ್ತಿರುತ್ತದೆ. ಯಕೃತ್ತಿನಲ್ಲಿ ರಕ್ತ ತನ್ನ ಪೂರ್ತಿ ಪ್ಲಾಸ್ಮಾದೊಂದಿಗೆ ಹರಿಯುವುದರಿಂದ, ಆ ತೇಲುವ ಐಜಿಜಿಯೇ ಭಕ್ಷಕ ಕಣಗಳ ಕೈಗಳನ್ನೆಲ್ಲ ತುಂಬಿಬಿಟ್ಟಿರುತ್ತದೆ. ಗುರುತು ಹೊತ್ತ ರಕ್ತಕಣ ಬಂದರೆ ಹಿಡಿಯಲು ಕೈ ಖಾಲಿ ಇರುವುದಿಲ್ಲ. ಗುಲ್ಮದಲ್ಲಿ ಹಾಗಲ್ಲ. ಅಲ್ಲಿ ಪ್ಲಾಸ್ಮಾ ಬಹುಪಾಲು ಬದಿಗೆ ಸೋಸಿಹೋಗಿ, ಕಣಗಳು ಮಂದಗಾಮಿಯಾಗಿ, ಒತ್ತೊತ್ತಾಗಿ ಸಾಗುತ್ತವೆ. ತೇಲುವ ಐಜಿಜಿಯ ಕಾಟ ಕಡಿಮೆ, ಒಂದೊಂದು ಕಣವನ್ನೂ ತಡವಿ ನೋಡುವಷ್ಟು ಪುರುಸೊತ್ತು. ಹೀಗೆ ಐಜಿಜಿ ಹೊತ್ತ ಕಣದ ಲೆಕ್ಕ ಗುಲ್ಮದಲ್ಲಿ ಚುಕ್ತಾ ಆಗುತ್ತದೆ.

ಗುಲ್ಮದ ಭಕ್ಷಕ ಎಲ್ಲ ಸಲವೂ ಕಣವನ್ನು ಇಡಿಯಾಗಿ ನುಂಗುವುದಿಲ್ಲ. ಎಷ್ಟೋ ಸಲ ಮೇಲ್ಪದರದ ಒಂದು ತುಣುಕನ್ನು ಕಚ್ಚಿಕೊಂಡು ಬಿಟ್ಟುಬಿಡುತ್ತದೆ. ಹೋಳಿಗೆ ಮಾಡಿದವರಿಗೆ ಮುಂದಿನದು ತಾನೇ ಅರ್ಥವಾಗುತ್ತದೆ. ಹೂರಣ ಅಷ್ಟೇ ಇದ್ದು ಕಣಕ ಕಡಿಮೆಯಾದರೆ ಅದನ್ನು ತೆಳ್ಳಗೆ ಲಟ್ಟಿಸಲು ಬರುವುದಿಲ್ಲ, ಉಂಡೆಯಾಗಿಯೇ ಉಳಿಯುತ್ತದೆ. ರಕ್ತಕಣವೂ ಹಾಗೆಯೇ. ಮೇಲ್ಪದರ ಕಳೆದುಕೊಂಡ ತಟ್ಟೆಯಾಕಾರದ ಕಣ ಗುಂಡಗಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಇವು ನಡುವಿನ ಬಿಳುಪು ಇಲ್ಲದ, ಕಡುಗೆಂಪು ಪುಟ್ಟ ಗುಂಡುಗಳಾಗಿ ಕಾಣುತ್ತವೆ. ಇವಕ್ಕೆ ಸ್ಫೀರೋಸೈಟ್ ಎನ್ನುತ್ತೇವೆ. ಗುಲ್ಮದಿಂದ ಹೊರಬೀಳಲು ಒಂದೆರಡು ಮೈಕ್ರಾನ್ ಅಗಲದ ಸೀಳುಗಳ ಮೂಲಕ ನುಸುಳಬೇಕು. ತಟ್ಟೆಯಾಕಾರದ ಕಣ ಮಡಚಿಕೊಂಡು ನುಸುಳುತ್ತದೆ. ಉಂಡೆಯಾದ ಕಣ ಈ ಸುತ್ತಿನಲ್ಲಿ ಹೇಗೋ ಪಾರಾದರೂ ಮುಂದಿನ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ.

ಇಷ್ಟು ಗೊತ್ತಾದರೆ ಹುಡುಗಿಗೆ ಮಾತ್ರೆ ಏಕೆ ಹಿಡಿಯಿತು ಎಂಬುದೂ ಗೊತ್ತಾದಂತೆ. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮೊದಲು ಮಾಡುವ ಕೆಲಸ ಭಕ್ಷಕ ಕಣಗಳ ಐಜಿಜಿ ಹಿಡಿಯುವ ಕೈಗಳನ್ನು ಸಡಿಲಗೊಳಿಸುವುದು. ಪ್ರತಿಕಾಯದ ಉತ್ಪಾದನೆ ಇಳಿಯುವುದು ನಿಧಾನವಾಗಿ, ಆಮೇಲೆ. ದೇಹದ ತೂಕದ ಕಿಲೋಗೆ ದಿನಕ್ಕೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಶುರು ಮಾಡಿದರೆ ಬೆಚ್ಚನೆಯ ಬಗೆಯವರಲ್ಲಿ ನೂರರಲ್ಲಿ ಎಪ್ಪತ್ತು ಎಂಬತ್ತು ಜನ ಮೂರು ವಾರದೊಳಗೆ ಏರಿಕೆ ತೋರಿಸುತ್ತಾರೆ. ಮಾತ್ರೆ ಇಳಿಸುವಾಗ ಮತ್ತೆ ಕುಸಿಯುವವರು ಅವರಲ್ಲಿ ಬಹಳ ಮಂದಿ, ಅದು ಬೇರೆ ಕಥೆ. ಗುಲ್ಮ ತೆಗೆಯುವ ಶಸ್ತ್ರಚಿಕಿತ್ಸೆಗೂ ಇಲ್ಲಿ ಅರ್ಥವಿದೆ, ಕಣಗಳು ಸಾಯುವ ಜಾಗವನ್ನೇ ತೆಗೆದುಹಾಕಿದಂತಾಗುತ್ತದೆ. ಎಲ್ಲರಿಗೂ ಪೂರ್ತಿ ಗುಣವಾಗದಿರಲು ಒಂದು ಕಾರಣ, ಐಜಿಜಿಯ ಲೇಪ ತೀರಾ ದಟ್ಟವಾಗಿದ್ದರೆ ಯಕೃತ್ತೂ ಕೈ ಹಾಕುತ್ತದೆ ಎಂಬುದು.

ಇನ್ನು ನಿಮ್ಮ ತಾಯಿಯ ವಿಷಯ. ಅವರ ತಣ್ಣನೆಯ ಬಗೆಗೆ ಕೋಲ್ಡ್ ಅಗ್ಲುಟಿನಿನ್ ಕಾಯಿಲೆ ಎಂದು ಹೆಸರು. ಇಲ್ಲಿ ಗುರುತು ಹಾಕುವುದು ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯ. ಇದು ಐದು ಕವೆಗಳು ಬುಡದಲ್ಲಿ ಜೋಡಿಸಿಕೊಂಡಂಥ ದೊಡ್ಡ ಅಣು, ಹತ್ತು ಕೊಂಬುಗಳು. ಐಜಿಜಿಗಿಂತ ಸುಮಾರು ಆರು ಪಟ್ಟು ಭಾರ. ಇದು ಹಿಡಿಯುವುದು ಪ್ರೋಟೀನನ್ನಲ್ಲ, ರಕ್ತಕಣದ ಮೈಮೇಲಿನ ಒಂದು ಸಕ್ಕರೆ ಸರಪಳಿಯನ್ನು. ಅದಕ್ಕೆ ದೊಡ್ಡ ‘ಐ’ ಎಂದು ಹೆಸರು. ಈ ಹಿಡಿತ ತಣ್ಣಗಿದ್ದಷ್ಟು ಬಿಗಿ, 37 ಡಿಗ್ರಿಯಲ್ಲಿ ಸಡಿಲ. ದೇಹದ ಒಳಗೆ ಅಷ್ಟು ತಣ್ಣನೆಯ ಜಾಗ ಇಲ್ಲ. ಆದರೆ ಡಿಸೆಂಬರಿನ ಮಡಿಕೇರಿಯಲ್ಲಿ ಬೆಳಗಿನ ಹೊತ್ತು ತಣ್ಣೀರಿನಲ್ಲಿ ಪಾತ್ರೆ ತೊಳೆಯುವ ಕೈಬೆರಳಿನಲ್ಲಿ, ಕಿವಿಯ ಅಂಚಿನಲ್ಲಿ, ಮೂಗಿನ ತುದಿಯಲ್ಲಿ ಇದೆ.

ಬೆರಳ ತುದಿಯಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಒಂದು, ಐಜಿಎಂ ತನ್ನ ಉದ್ದನೆಯ ಕೈಗಳಿಂದ ಒಂದು ಕಣವನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತದೆ. ಕಣಗಳು ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿ ಸಣ್ಣ ರಕ್ತನಾಳಗಳಲ್ಲಿ ನಿಧಾನವಾಗುತ್ತವೆ, ಬೆರಳು ನೀಲಿಯಾಗುತ್ತದೆ. ಕೈ ಬೆಚ್ಚಗಾದೊಡನೆ ಬಣ್ಣ ಮರಳುತ್ತದೆ. ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ, ರಕ್ತಹೀನತೆಗೆ ಮೂಲ ಅದೇ. ಕಾಂಪ್ಲಿಮೆಂಟನ್ನು ಎಬ್ಬಿಸಲು ಐಜಿಜಿಗೆ ಜೊತೆಗಾರ ಬೇಕು ಎಂದೆನಲ್ಲ, ಐಜಿಎಂಗೆ ಅದು ಬೇಡ. ಒಂದೇ ಒಂದು ಅಣು ಸಾಕು. ಅದು ಕಣದ ಮೇಲೆ ಕೂತ ಕೆಲವೇ ಕ್ಷಣಗಳಲ್ಲಿ ಕಾಂಪ್ಲಿಮೆಂಟ್ ಸರಣಿ ಶುರುವಾಗಿ, ಸಿ3ಬಿ ಎಂಬ ತುಣುಕು ಕಣದ ಮೈಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ.

ಆಮೇಲೆ ರಕ್ತ ದೇಹದ ಒಳಕ್ಕೆ ಮರಳುತ್ತದೆ, ಬೆಚ್ಚಗಾಗುತ್ತದೆ. ಐಜಿಎಂ ಕಳಚಿಕೊಂಡು ಇನ್ನೊಂದು ಕಣದ ಬೆನ್ನು ಹತ್ತಲು ಹೋಗುತ್ತದೆ. ಸಿ3ಬಿ ಹೋಗುವುದಿಲ್ಲ. ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವವರನ್ನು ನೆನಪಿಸಿಕೊಳ್ಳಿ. ಹಚ್ಚಿದವರು ಸಂಜೆಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋಗುತ್ತಾರೆ, ಮೈಸೂರಿನ ಶಾಯಿ ಮಾತ್ರ ವಾರಗಟ್ಟಲೆ ಬೆರಳ ಮೇಲೆ ಉಳಿಯುತ್ತದೆ. ನಿಮ್ಮ ತಾಯಿಯ ಕೂಂಬ್ಸ್ ವರದಿ ಹಾಗೇಕಿದೆ ಎಂದರೆ ಇದೇ ಕಾರಣಕ್ಕೆ. ಪರೀಕ್ಷೆಗೆ ಬಂದ ಕಣಗಳ ಮೇಲೆ ಅಪರಾಧಿ ಐಜಿಎಂ ಇರುವುದೇ ಇಲ್ಲ, ಅದು ಹಚ್ಚಿದ ಶಾಯಿ ಮಾತ್ರ ಇದೆ. ಕೂಂಬ್ಸ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಐಜಿಎಂ ಅನ್ನು ಹುಡುಕುವುದೂ ಇಲ್ಲ.

ಈ ಶಾಯಿಯನ್ನು ಓದುವವರು ಯಕೃತ್ತಿನ ಭಕ್ಷಕ ಕಣಗಳಾದ ಕುಪ್ಫರ್ ಕಣಗಳು. ಸಿ3ಬಿಯನ್ನು ಹಿಡಿಯುವ ಕೈಗಳು ಅವಕ್ಕೆ ಬೇಕಾದಷ್ಟಿವೆ, ಪ್ಲಾಸ್ಮಾದಲ್ಲಿ ತೇಲುವ ಐಜಿಜಿ ಈ ಕೈಗಳನ್ನು ತುಂಬುವುದಿಲ್ಲ, ಜೊತೆಗೆ ರಕ್ತದ ಕಾಲು ಭಾಗ ಅಲ್ಲೇ ಹಾದುಹೋಗುತ್ತದೆ. ಗುಲ್ಮದ ಪಾಲು ಸಣ್ಣದು. 1972ರಲ್ಲಿ ಷ್ರೈಬರ್ ಮತ್ತು ಫ್ರಾಂಕ್ ಎಂಬ ಸಂಶೋಧಕರು ಗಿನಿಯಿಲಿಗಳಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು. ರಕ್ತಕಣಗಳಿಗೆ ವಿಕಿರಣದ ಗುರುತು ಹಾಕಿ, ಕೆಲವಕ್ಕೆ ಐಜಿಜಿ, ಕೆಲವಕ್ಕೆ ಐಜಿಎಂ ಲೇಪಿಸಿ ರಕ್ತಕ್ಕೆ ಬಿಟ್ಟರೆ, ಐಜಿಜಿಯವು ಗುಲ್ಮದಲ್ಲಿ, ಐಜಿಎಂನವು ಯಕೃತ್ತಿನಲ್ಲಿ ಸಿಕ್ಕಿಬಿದ್ದವು. ಯಕೃತ್ತಿನಲ್ಲಿ ಸಿಕ್ಕಿಬಿದ್ದ ಕಣಗಳಲ್ಲಿ ಒಂದಷ್ಟು ಮತ್ತೆ ರಕ್ತಕ್ಕೆ ಮರಳಿ ಬಂದದ್ದು ಈ ಪ್ರಯೋಗದ ಇನ್ನೊಂದು ಸ್ವಾರಸ್ಯ.

ಹಾಗೆ ಮರಳಿ ಬರುವುದು ಹೇಗೆಂದರೆ, ಸಿ3ಬಿ ಬಹಳ ಹೊತ್ತು ಹಾಗೆಯೇ ಇರುವುದಿಲ್ಲ. ಪ್ಲಾಸ್ಮಾದ ಕಿಣ್ವಗಳು ಅದನ್ನು ಕತ್ತರಿಸಿ, ಸಿ3ಡಿ ಎಂಬ ಮೋಟು ತುಣುಕನ್ನು ಉಳಿಸುತ್ತವೆ. ಕುಪ್ಫರ್ ಕಣಗಳಿಗೆ ಸಿ3ಡಿಯನ್ನು ಓದಲು ಬರುವುದಿಲ್ಲ. ಕತ್ತರಿ ಬೀಳುವ ತನಕ ನುಂಗಿಸಿಕೊಳ್ಳದೆ ಉಳಿದ ಕಣ ಪಾರಾದಂತೆ. ಅದರ ಮೈಯ ಜಾಗಗಳೂ ಆ ಮೋಟು ತುಣುಕುಗಳಿಂದ ತುಂಬಿಹೋಗಿರುವುದರಿಂದ ಹೊಸ ಶಾಯಿ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಅಂದರೆ ನಿಮ್ಮ ತಾಯಿಯ ಸಿ3ಡಿ ಪಾಸಿಟಿವ್ ಕಣಗಳು ಸಾಯಲಿರುವ ಕಣಗಳಲ್ಲ, ಬದುಕಿ ಉಳಿದವು. ಇದರಿಂದ ಇನ್ನೊಂದು ವಿಚಿತ್ರವೂ ಆಗುತ್ತದೆ: ದಾನಿಯ ರಕ್ತ ಕೊಟ್ಟರೆ, ಈ ರಕ್ಷಣೆ ಇಲ್ಲದ ಆ ಹೊಸ ಕಣಗಳೇ ಮೊದಲು ಬಲಿಯಾಗಬಹುದು.

ಕಾಂಪ್ಲಿಮೆಂಟ್ ಸರಣಿ ಕೊನೆಯ ತನಕ ಹೋದರೆ ಕಣದ ಪೊರೆಗೆ ತೂತು ಕೊರೆದು, ರಕ್ತನಾಳದೊಳಗೇ ಒಡೆದುಬಿಡುತ್ತದೆ. ಆಗ ಮೂತ್ರ ಕಟ್ಟಂಕಾಫಿಯ, ಅಂದರೆ ಹಾಲಿಲ್ಲದ ಕಾಫಿಯ, ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಣಗಳ ಮೇಲೆ ಈ ತೂತನ್ನು ತಡೆಯುವ ಕಾವಲು ಪ್ರೋಟೀನುಗಳಿರುವುದರಿಂದ ತಣ್ಣನೆಯ ಬಗೆಯಲ್ಲೂ ಇದು ಚಿಕ್ಕ ಪಾಲು. ಜ್ವರ, ಸೋಂಕು, ತೀವ್ರ ಚಳಿಯ ಹೊತ್ತಿನಲ್ಲಿ ಮಾತ್ರ ಹೆಚ್ಚುತ್ತದೆ. ತಣ್ಣನೆಯ ಬಗೆ ಎಂದರೆ ರಕ್ತನಾಳದೊಳಗಿನ ನಾಶ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವವರು ಯಕೃತ್ತನ್ನು ಮರೆತುಬಿಡುತ್ತಾರೆ. ದಿನನಿತ್ಯದ ನಾಶ ನಡೆಯುವುದು ಅಲ್ಲಿ.

ಈಗ ಸ್ಟೆರಾಯ್ಡ್ ಏಕೆ ಸೋತಿತು ಎಂದು ವಿವರಿಸುವುದು ಉಳಿದೇ ಇಲ್ಲ. ಅದು ಸಡಿಲಿಸುವ ಕೈಗಳು ಐಜಿಜಿಯನ್ನು ಹಿಡಿಯುವ ಕೈಗಳು, ಇಲ್ಲಿ ಹಿಡಿಯುತ್ತಿರುವುದು ಬೇರೆ ಕೈಗಳು. ಗುಲ್ಮ ತೆಗೆದರೆ ಯಕೃತ್ತು ಅಲ್ಲೇ ಇರುತ್ತದೆ. ನಿಮ್ಮ ಎರಡನೆಯ ವೈದ್ಯರು ಹೇಳಿದ್ದು ಸರಿ.

ಆರು ವಾರ ಮುಂಚೆಯೇ ಇದನ್ನು ಹಿಡಿಯಬಹುದಿತ್ತೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ದಿನದ ರಕ್ತ ಎಣಿಕೆಯ ವರದಿಯಲ್ಲೇ ಸುಳಿವಿತ್ತು. ಹಿಮೋಗ್ಲೋಬಿನ್ 7.8. ಕೆಂಪು ಕಣಗಳ ಸಂಖ್ಯೆ ಮೈಕ್ರೋಲೀಟರಿಗೆ 11.5 ಲಕ್ಷ. ಒಂದು ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 122. ಇವೆರಡನ್ನು ಗುಣಿಸಿ ಯಂತ್ರ ಹೆಮಟೋಕ್ರಿಟ್ ಕಟ್ಟುತ್ತದೆ, ಅದು 14 ಬಂತು. 7.8ನ್ನು 14ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಎಂಸಿಎಚ್‌ಸಿ, ಸುಮಾರು 55.7. ಇದು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ಸಾಂದ್ರವಾಗಿದೆ ಎಂಬ ಲೆಕ್ಕ, ಸಾಮಾನ್ಯವಾಗಿ 32ರಿಂದ 36. ಗುಂಡಗಿನ ಸ್ಫೀರೋಸೈಟ್‌ಗಳಿದ್ದರೆ 37ರ ಆಸುಪಾಸಿಗೆ ಹೋದೀತು. 55 ಎಂಬುದು ಜೀವಂತ ಕಣದಲ್ಲಿ ಸಾಧ್ಯವೇ ಇಲ್ಲ. ರಕ್ತಕಣದಲ್ಲಿ ಅಷ್ಟು ಹಿಮೋಗ್ಲೋಬಿನ್ ತುಂಬಲು ಜಾಗವೇ ಇರುವುದಿಲ್ಲ.

ಆದದ್ದಿಷ್ಟು. ಪ್ರಯೋಗಾಲಯದ ತಂಪಿನಲ್ಲಿ ನಳಿಕೆಯೊಳಗೆ ಕಣಗಳು ಗೊಂಚಲಾದವು. ಯಂತ್ರ ಒಂದು ಗೊಂಚಲನ್ನು ಒಂದು ದೊಡ್ಡ ಕಣ ಎಂದು ಎಣಿಸಿತು, ಹಾಗಾಗಿ ಸಂಖ್ಯೆ ಕಡಿಮೆ, ಗಾತ್ರ ಹೆಚ್ಚು. ಹಿಮೋಗ್ಲೋಬಿನನ್ನು ಮಾತ್ರ ಎಲ್ಲ ಕಣಗಳನ್ನೂ ಒಡೆದು ಅಳೆಯುವುದರಿಂದ ಆ ಅಂಕಿ ಕೆಡಲಿಲ್ಲ. ಎರಡನೆಯ ಪ್ರಯೋಗಾಲಯದವರು ಜಾಣರು. ಅದೇ ನಳಿಕೆಯನ್ನು 37 ಡಿಗ್ರಿಯ ನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಮತ್ತೆ ಓಡಿಸಿದ್ದಾರೆ: ಕಣಗಳು 24 ಲಕ್ಷ, ಎಂಸಿವಿ 98, ಎಂಸಿಎಚ್‌ಸಿ 33.2, ಹಿಮೋಗ್ಲೋಬಿನ್ ಅದೇ 7.8. ಬೆಚ್ಚಗೆ ಮಾಡಿದ ಮಾತ್ರಕ್ಕೆ ಕಣಗಳು ಇಮ್ಮಡಿಯಾದವು ಎಂದರೆ ರೋಗದ ಹೆಸರನ್ನು ನಳಿಕೆಯೇ ಹೇಳಿದಂತೆ. ಮೊದಲ ವರದಿಯನ್ನು ಓದಿದವರು ಎಂಸಿವಿ 122 ಎಂಬುದನ್ನು ನೋಡಿ ಬಿ12 ಕೊರತೆ ಎಂದು ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ಚೀಟಿಯಿಂದ ತಿಳಿಯುತ್ತದೆ. ಈ ಎಡವಟ್ಟು ಹೊಸದೇನಲ್ಲ.

ನಾನೂ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಂಥದೇ ಒಬ್ಬ ರೋಗಿಯ ತಣ್ಣನೆಯ ಪ್ರತಿಕಾಯದ ಪ್ರಮಾಣ ಅಳೆಯಲು ರಕ್ತ ತೆಗೆಸಿ, ಮರುದಿನ ಬೆಳಿಗ್ಗೆ ನೋಡಿದರಾಯಿತು ಎಂದು ಫ್ರಿಜ್ಜಿನಲ್ಲಿಟ್ಟೆ. ಫಲಿತಾಂಶ 16 ಬಂತು, ಅಂದರೆ ಸೀರಮ್ಮನ್ನು ಹದಿನಾರು ಪಟ್ಟು ತೆಳುಗೊಳಿಸುವ ತನಕ ಮಾತ್ರ ಅದು ಕಣಗಳನ್ನು ಗೊಂಚಲಾಗಿಸಿತು. ರೋಗವೆನ್ನಲು ಸಾಮಾನ್ಯವಾಗಿ 4 ಡಿಗ್ರಿಯಲ್ಲಿ 64 ಅಥವಾ ಹೆಚ್ಚು ಬೇಕು. ಹಾಗಾಗಿ ಇದಲ್ಲ ಎಂದು ಬರೆದುಬಿಟ್ಟೆ. ಹಿರಿಯ ತಂತ್ರಜ್ಞರೊಬ್ಬರು ಗದರಿದರು: ‘ಫ್ರಿಜ್ಜಿನಲ್ಲಿ ಪ್ರತಿಕಾಯವೆಲ್ಲ ಅವರದೇ ಕಣಗಳಿಗೆ ಅಂಟಿಕೊಂಡಿದೆ ಡಾಕ್ಟರೇ, ಸೀರಮ್ಮಿನಲ್ಲಿ ಇನ್ನೇನು ಉಳಿದಿರುತ್ತದೆ?’ ಬೆಚ್ಚಗಿನ ನಳಿಕೆಯಲ್ಲಿ ಮತ್ತೆ ತೆಗೆಸಿ, ಬಿಸಿನೀರಿನ ಫ್ಲಾಸ್ಕಿನಲ್ಲಿಟ್ಟು ತಂದು, 37 ಡಿಗ್ರಿಯಲ್ಲೇ ಸೀರಮ್ ಬೇರ್ಪಡಿಸಿದಾಗ 1024 ಬಂತು. ನಿಮಗೆ ಇದು ಮುಖ್ಯವಾಗುವುದು ಏಕೆಂದರೆ, ಮಡಿಕೇರಿಯಿಂದ ರಕ್ತದ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿ ಬೇರೆ ಊರಿಗೆ ಕಳಿಸಿದರೆ ಇದೇ ಗತಿಯಾಗುತ್ತದೆ. ಈ ಒಂದು ಪರೀಕ್ಷೆಗೆ ತಾಯಿಯನ್ನೇ ಪ್ರಯೋಗಾಲಯಕ್ಕೆ ಕರೆದೊಯ್ಯಿರಿ.

ಪ್ರಮಾಣ ಎಷ್ಟು ಎಂಬುದಕ್ಕಿಂತ ಯಾವ ಶಾಖದವರೆಗೆ ಅದು ಅಂಟುತ್ತದೆ ಎಂಬುದು ಹೆಚ್ಚು ಹೇಳುತ್ತದೆ. ಆರೋಗ್ಯವಂತರಲ್ಲೂ 4 ಡಿಗ್ರಿಯಲ್ಲಿ ಮಾತ್ರ ಅಂಟುವ ದುರ್ಬಲ ಪ್ರತಿಕಾಯ ಇರುತ್ತದೆ. ಯಾರ ಬೆರಳೂ ಅಷ್ಟು ತಣ್ಣಗಾಗುವುದಿಲ್ಲ, ಹಾಗಾಗಿ ಅದರಿಂದ ತೊಂದರೆಯಿಲ್ಲ. 28, 30 ಡಿಗ್ರಿಯಲ್ಲೂ ಅಂಟುವಂಥದು ಕಡಿಮೆ ಪ್ರಮಾಣದಲ್ಲಿದ್ದರೂ ಕಾಡುತ್ತದೆ.

ಐಜಿಜಿ ಎಂದರೆ ಬೆಚ್ಚಗೆ, ಐಜಿಎಂ ಎಂದರೆ ತಣ್ಣಗೆ ಎಂಬ ಸಮೀಕರಣಕ್ಕೆ ಒಂದು ಹಳೆಯ ಅಪವಾದವಿದೆ. 1904ರಲ್ಲಿ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್ ವಿವರಿಸಿದ ಪ್ರತಿಕಾಯ ಐಜಿಜಿಯೇ, ಆದರೂ ತಣ್ಣಗಿದ್ದಾಗ ಅಂಟುತ್ತದೆ. ಬೆಚ್ಚಗಾದಾಗ ಕಾಂಪ್ಲಿಮೆಂಟನ್ನು ಕೊನೆಯ ತನಕ ಓಡಿಸಿ ರಕ್ತನಾಳದೊಳಗೇ ಕಣವನ್ನು ಒಡೆಯುತ್ತದೆ. ಈಗ ಅದು ಕಾಣುವುದು ಹೆಚ್ಚಾಗಿ ಪುಟ್ಟ ಮಕ್ಕಳಲ್ಲಿ, ನೆಗಡಿ ಜ್ವರ ಬಂದುಹೋದ ಮೇಲೆ. ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಇನ್ನು ಐಜಿಜಿ, ಸಿ3ಡಿ ಎರಡೂ ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರದು ಬೆಚ್ಚನೆಯ ಬಗೆ. ಅವರನ್ನು ತಣ್ಣನೆಯ ಪ್ರಮಾಣ ಅಳೆದ ಮೇಲೆಯೇ ವಿಂಗಡಿಸಬೇಕು. ನಿಮ್ಮ ತಾಯಿಯ ಮಟ್ಟಿಗೆ ಈ ಗೊಂದಲವಿಲ್ಲ.

ಮುಂದೇನು? 67ರ ವಯಸ್ಸಿನಲ್ಲಿ, ಈಚಿನ ಸೋಂಕಿನ ಇತಿಹಾಸವಿಲ್ಲದೆ ಬಂದ ಈ ಕಾಯಿಲೆಯ ಹಿಂದೆ ಸಾಮಾನ್ಯವಾಗಿ ಅಸ್ಥಿಮಜ್ಜೆಯಲ್ಲಿ ಬೀಡುಬಿಟ್ಟ ಬಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಒಂದೇ ವಂಶದ ಪುಟ್ಟ ಗುಂಪಿರುತ್ತದೆ. ಎಲ್ಲವೂ ಒಂದೇ ಅಚ್ಚಿನ ಐಜಿಎಂ ತಯಾರಿಸುತ್ತವೆ. ಅದನ್ನು ನೋಡಲು ಸೀರಮ್ ಎಲೆಕ್ಟ್ರೋಫೋರೆಸಿಸ್ ಮತ್ತು ಮಜ್ಜೆಯ ಪರೀಕ್ಷೆ ಹೇಳಿದ್ದಾರೆ, ಮಾಡಿಸಿ. ಸಿಕ್ಕರೆ ಗಾಬರಿಯಾಗಬೇಡಿ, ಅದು ಬಹಳ ನಿಧಾನಗತಿಯದು. ಆ ಗುಂಪನ್ನು ಗುರಿಯಾಗಿಸುವ ರಿಟುಕ್ಸಿಮ್ಯಾಬ್ ಸುಮಾರು ಅರ್ಧದಷ್ಟು ಜನರಿಗೆ ಫಲ ಕೊಡುತ್ತದೆ. ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಅದರೊಂದಿಗೆ ಬೆಂಡಮಸ್ಟೀನ್ ಸೇರಿಸಿದರೆ ಪರಿಣಾಮ ಹೆಚ್ಚು, ಅಡ್ಡಪರಿಣಾಮವೂ ಹೆಚ್ಚು. ಅವರ ವಯಸ್ಸು, ಶಕ್ತಿ ನೋಡಿ ವೈದ್ಯರು ತೀರ್ಮಾನಿಸಲಿ.

ಕಾಯಿಲೆಯ ಬಗೆಗೆ ನಾನು ಹೇಳಿದ ಕಥೆ ನಿಜ ಎಂಬುದಕ್ಕೆ ಹೊಸ ಔಷಧಗಳೇ ಸಾಕ್ಷಿ. ಕಾಂಪ್ಲಿಮೆಂಟ್ ಸರಣಿಯ ತುದಿಯನ್ನು ತಡೆಯುವ ಎಕುಲಿಜುಮ್ಯಾಬ್ ಇಲ್ಲಿ ಅಷ್ಟಾಗಿ ಫಲ ಕೊಡಲಿಲ್ಲ. ಅದು ತೂತು ಕೊರೆಯುವುದನ್ನು ನಿಲ್ಲಿಸುತ್ತದೆ, ಶಾಯಿ ಹತ್ತುವುದನ್ನಲ್ಲ. ಸರಣಿಯ ಮೊದಲ ಮೆಟ್ಟಿಲಲ್ಲೇ ತಡೆಯುವ ಸುಟಿಮ್ಲಿಮ್ಯಾಬ್ ಹಿಮೋಗ್ಲೋಬಿನನ್ನು ಏರಿಸಿತು, 2022ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಆದರೆ ಅದನ್ನು ತೆಗೆದುಕೊಂಡರೂ ಬೆರಳು ನೀಲಿಯಾಗುವುದು ನಿಲ್ಲುವುದಿಲ್ಲ. ಏಕೆಂದರೆ ಗೊಂಚಲು ಕಟ್ಟುವುದು ಐಜಿಎಂನ ಕೈಗಳೇ, ಅದಕ್ಕೆ ಕಾಂಪ್ಲಿಮೆಂಟಿನ ಹಂಗಿಲ್ಲ. ಬೆರಳ ತುದಿಯಲ್ಲಿ ಎರಡು ಕೆಲಸ ಆಗುತ್ತವೆ ಎಂದು ನಾನು ಬೇರ್ಪಡಿಸಿ ಹೇಳಿದ್ದು ಇದಕ್ಕಾಗಿ.

ಸದ್ಯಕ್ಕೆ ಮನೆಯಲ್ಲಿ ಮಾಡಬೇಕಾದ್ದು ಕೆಲವೇ. ಸ್ಟೆರಾಯ್ಡನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಆರು ವಾರ ತೆಗೆದುಕೊಂಡವರು ವೈದ್ಯರ ಲೆಕ್ಕದಂತೆ ಹಂತಹಂತವಾಗಿ ಇಳಿಸಬೇಕು. ಪಾತ್ರೆ, ಬಟ್ಟೆಗೆ ಬಿಸಿನೀರು, ಹೊರಗೆ ಹೋಗುವಾಗ ಕೈಗವಸು, ಕಾಲುಚೀಲ, ಕಿವಿ ಮುಚ್ಚುವ ಟೋಪಿ. ಇದು ಅಜ್ಜಿಯರ ಉಪದೇಶದಂತೆ ಕೇಳಿಸುತ್ತದೆ, ಆದರೆ ಶಾಯಿ ಹತ್ತುವ ಜಾಗವನ್ನೇ ಮುಚ್ಚುವ ಚಿಕಿತ್ಸೆ ಇದು. ಹೊಸ ಕಣಗಳ ತಯಾರಿಗೆ ಫೋಲಿಕ್ ಆಮ್ಲ ಬೇಕು, ಮಾತ್ರೆ ಮುಂದುವರಿಸಿ. ಮೂತ್ರ ಕಟ್ಟಂಕಾಫಿ ಬಣ್ಣಕ್ಕೆ ತಿರುಗಿದರೆ, ಕೂತಲ್ಲೇ ಏದುಸಿರು ಬಂದರೆ ಅಥವಾ ಎದೆನೋವು ಕಾಣಿಸಿಕೊಂಡರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ರಕ್ತ ಕೊಡಬೇಕಾಗಿ ಬಂದರೆ ಹೆದರಿ ನಿರಾಕರಿಸಬೇಡಿ, ಜೀವ ಉಳಿಸುವುದಕ್ಕೆ ಅದು ಬೇಕಾದೀತು. ರಕ್ತನಿಧಿಯವರಿಗೆ ರೋಗದ ಹೆಸರನ್ನು ಮೊದಲೇ ತಿಳಿಸಿ, ಹೊಂದಾಣಿಕೆ ಪರೀಕ್ಷೆಯನ್ನು ಅವರು 37 ಡಿಗ್ರಿಯಲ್ಲಿ ಮಾಡಲಿ. ಕೊಡುವಾಗ ರಕ್ತ ಬೆಚ್ಚಗಾಗುವ ಸಾಧನದ ಕೊಳವೆಯ ಮೂಲಕ ಹೋಗಲಿ. ಚೀಲವನ್ನೇ ಬಿಸಿನೀರಿನಲ್ಲಿ ಮುಳುಗಿಸಿದರೆ ಒಳಗಿನ ಕಣಗಳೇ ಒಡೆದುಹೋಗುತ್ತವೆ, ಅದಕ್ಕೆ ಒಪ್ಪಬೇಡಿ. ಯಾವುದಾದರೂ ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ತಜ್ಞರಿಗೂ ಹೇಳಿ. ಆಪರೇಷನ್ ಕೋಣೆ ಮಡಿಕೇರಿಯ ಡಿಸೆಂಬರಿಗಿಂತ ತಣ್ಣಗಿರಬಹುದು, ಅವರು ಕೈಗೆ ಏರಿಸುವ ಸಲೈನ್ ಕೂಡ.